ಕ್ಲಾಸಿನಲ್ಲಿ ಮುತ್ತು, ಶಾಲೆಯಲ್ಲಿ ಕಾಗೆ ಕಾಲು

*ಸಂಪಾದಕರೇ, ಐದು ವರ್ಷದಿಂದ ನಮ್ಮ ಮನೆಯ ಹಾಲ್‌ನಲ್ಲೇ ಮಕ್ಕಳಿಗೆ ಕೈಬರಹದ ಕ್ಲಾಸ್ ನಡೆಸುತ್ತಿದ್ದೇನೆ. ಒಂದು ತಿಂಗಳ ಕೋರ್ಸ್. ನನ್ನ ಮುಂದೆ ಮಕ್ಕಳು ದುಂಡಗೆ ಬರೀತಾರೆ, ಶಾಲೆಯ ನೋಟ್‌ಬುಕ್ ತೆಗೆದರೆ ಮತ್ತೆ ಕಾಗೆ ಕಾಲು ಗುಬ್ಬಿ ಕಾಲು. ಮೊನ್ನೆ ಒಬ್ಬ ತಾಯಿ ಎರಡೂ ಪುಸ್ತಕ ತಂದು ಟೀಪಾಯಿ ಮೇಲಿಟ್ಟು ಫೀಸ್ ವಾಪಸ್ ಕೇಳಿದರು. ಇನ್ನೊಬ್ಬರು ಅಬಾಕಸ್ ಕೂಡ ಶುರು ಮಾಡಿ ಅಂತಿದ್ದಾರೆ. ನಾನು ದುಡ್ಡು ಕೊಡಬೇಕಾ? ತಪ್ಪು ಯಾರದು?*
*– ಹೆಸರು ಬೇಡ ಎಂದ ಓದುಗರು*

ಮೇಡಂ, ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಅರ್ಧ ಕೊಡಿ. ಆ ತಾಯಿ ಫೀಸ್ ಕಟ್ಟಿದ್ದು ಶಾಲೆಯ ನೋಟ್‌ಬುಕ್ ಸುಧಾರಿಸಲಿ ಅಂತ, ನಿಮ್ಮ ಕಾಪಿ ಪುಸ್ತಕಕ್ಕಲ್ಲ. ಅಷ್ಟರ ಮಟ್ಟಿಗೆ ಅವರ ಮಾತು ಸರಿ. ಇನ್ನರ್ಧ ಇಟ್ಟುಕೊಳ್ಳಿ, ಯಾಕಂದರೆ ಆ ಮಗುವಿನ ಕೈಗೆ ನೀವು ಅರ್ಧ ಕೆಲಸ ಮಾಡಿದ್ದೀರಿ. ಉಳಿದರ್ಧ ಮಾಡಲು ಟೈಮ್ ಇರಲಿಲ್ಲ. ಆ ಟೈಮ್ ಕೇಳದೆ ಒಂದು ತಿಂಗಳು ಅಂತ ಹೇಳಿದ್ದು ಮಾತ್ರ ನಿಮ್ಮ ತಪ್ಪು. ಬೈಯುವುದು ಇಷ್ಟೇ, ಇನ್ನು ನಾನು ನಿಮ್ಮ ಕಡೆ.

ಟೀಪಾಯಿ ಮೇಲೆ ಎರಡು ಪುಸ್ತಕ ಅಕ್ಕಪಕ್ಕ ಬಿದ್ದವಲ್ಲ, ಅವತ್ತು ನೀವು ಬೇಜಾರು ಮಾಡಿಕೊಳ್ಳುವ ಬದಲು ಅವನ್ನು ಸ್ವಲ್ಪ ಹೊತ್ತು ನೋಡಬೇಕಿತ್ತು. ನಿಮ್ಮ ಪುಸ್ತಕದಲ್ಲಿ ಮಗು ಮೇಲಿನ ಸಾಲು ನೋಡಿ ಕೆಳಗೆ ಬರೆದಿದೆ. ನಿಜ ಹೇಳಬೇಕೆಂದರೆ ಬರೆದಿಲ್ಲ, ಚಿತ್ರ ಬಿಡಿಸಿದೆ. ಒಂದು ಅಕ್ಷರ ನೋಡು, ಬಿಡಿಸು, ಮತ್ತೆ ನೋಡು. ಶಾಲೆಯಲ್ಲಿ ಹಾಗಲ್ಲ. ಟೀಚರ್ ಹೇಳ್ತಾ ಹೋಗ್ತಾರೆ. ಮಗು ಅದನ್ನು ಕೇಳಬೇಕು, ನೆನಪಿಡಬೇಕು, ಎಲ್ಲಿ ಒತ್ತು ಎಲ್ಲಿ ದೀರ್ಘ ಅಂತ ಯೋಚಿಸಬೇಕು, ಬೋರ್ಡ್ ಒರೆಸುವ ಮೊದಲು ಮುಗಿಸಬೇಕು. ತಲೆ ಇಷ್ಟರಲ್ಲಿ ಮುಳುಗಿರುವಾಗ ಕೈ ತನ್ನ ಪಾಡಿಗೆ ತಾನು ಓಡಬೇಕು. ಹಾಗೆ ಓಡುವ ಕೈಗೆ ಯಾವುದು ಹಳೇ ಅಭ್ಯಾಸವೋ ಅದೇ ಬರುತ್ತದೆ. ನೀವು ಕಲಿಸಿದ ದುಂಡನೆಯ ಅಕ್ಷರ ಇನ್ನೂ ಕಣ್ಣಲ್ಲಿದೆ, ಕೈಗೆ ಇಳಿದಿಲ್ಲ.

ನನ್ನ ತಂಗಿ ಹತ್ತಾರು ವರ್ಷ ಇದೇ ಕೆಲಸ ಮಾಡಿದಳು, ಅವಳದೂ ಹಾಲ್, ಅವಳದೂ ಟೀಪಾಯಿ. ಅವಳ ಒಂದು ರೂಢಿ ನನಗೆ ಬಹಳ ಇಷ್ಟ. ಸೇರಿದ ದಿನವೇ ಮಗುವಿನಿಂದ ಮೂರು ಹಾಳೆ ಬರೆಸುತ್ತಿದ್ದಳು, ಒಂದೊಂದಕ್ಕೂ ಮೂರು ನಿಮಿಷ. ಮೊದಲನೆಯದು ಒಂದು ವಾಕ್ಯ ನೋಡಿಕೊಂಡು ಚೆಂದ ಮಾಡಿ ಬರೆಯೋದು. ಎರಡನೆಯದು ಅದೇ ವಾಕ್ಯ, ಆದಷ್ಟು ಬೇಗ. ಮೂರನೆಯದು ಏನೂ ನೋಡದೆ ತನ್ನದೇ ಮಾತು, ನಿನ್ನೆ ಏನಾಯ್ತು ಅಂತ. ಎರಡನೇ ಕ್ಲಾಸಿನ ಒಬ್ಬ ಹುಡುಗನ ಮೂರು ಹಾಳೆ ನಾನೇ ನೋಡಿದ್ದೆ. ಚೆಂದದ ಹಾಳೆಯಲ್ಲಿ 34 ಅಕ್ಷರ, ಎಲ್ಲವೂ ಸಾಲಿನ ಮೇಲೆ ಕೂತಿವೆ. ಬೇಗದ ಹಾಳೆಯಲ್ಲಿ 61, ಆದರೆ ತಲೆಕಟ್ಟು ಅರ್ಧಕ್ಕರ್ಧ ಹಾರಿಹೋಗಿವೆ. ಸ್ವಂತ ಮಾತಿನ ಹಾಳೆಯಲ್ಲಿ 29 ಅಕ್ಷರ. ಪ ಯಾವುದು ಷ ಯಾವುದು ಗೊತ್ತಾಗಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದು ಅಲ್ಲಿನ ಅಕ್ಷರದ ತಲೆ ಮೇಲೆ ಕೂತಿವೆ. ಅಮ್ಮನಿಗೆ ಮೂರನ್ನೂ ತೋರಿಸಿ ಅವಳು ಹೇಳಿದ್ದು ಒಂದೇ ಮಾತು: "ನಿಮ್ಮ ಮಗನಿಗೆ ಬರೆಯೋಕೆ ಬರುತ್ತೆ, ಯೋಚಿಸ್ತಾ ಬರೆಯೋಕೆ ಬರಲ್ಲ. ನಾನು ಫೀಸ್ ತಗೊಳ್ಳೋದು ಮೂರನೇ ಹಾಳೆಗೆ." ಆಮೇಲೆ ಯಾರೂ ಎರಡು ಪುಸ್ತಕ ಹಿಡಿದುಕೊಂಡು ಜಗಳಕ್ಕೆ ಬರಲಿಲ್ಲ. ಹೋಲಿಸಿ ನೋಡುವ ಹಾಳೆ ಅವಳ ಫೈಲಿನಲ್ಲೇ ಇತ್ತಲ್ಲ.

ಆ ಹುಡುಗನಿಗೆ ಅವಳು ಮಾಡಿದ್ದೇನು ಅಂತ ಹೇಳಿಬಿಡುತ್ತೇನೆ, ನಿಮಗೆ ಬೇಕಾಗಿದ್ದೂ ಅದೇ ಅಲ್ವಾ.

ಮೊದಲು ಸೋಫಾದಿಂದ ಎಬ್ಬಿಸಿದಳು. ಸೋಫಾದಲ್ಲಿ ಕೂತು ಟೀಪಾಯಿ ಮೇಲೆ ಬರೆಯುವ ಮಗು ಬಗ್ಗಿ ಬಗ್ಗಿ ಎದೆಯನ್ನೇ ಪುಸ್ತಕಕ್ಕೆ ಒತ್ತುತ್ತದೆ, ಭುಜವೇ ಬರೆಯುತ್ತದೆ, ಬೆರಳು ಸುಮ್ನೆ ಜೊತೆಗೆ ಹೋಗುತ್ತದೆ. ಪಾದ ನೆಲಕ್ಕೆ ಊರಬೇಕು, ಟೇಬಲ್ ಮಗುವಿನ ಮೊಣಕೈ ಮಟ್ಟದಿಂದ ಒಂದು ಚೂರು ಮೇಲಿರಬೇಕು. ಕಾಲು ಎಟುಕದಿದ್ದರೆ ಹಳೇ ಪೇಪರ್ ಕಟ್ಟು ಇಟ್ಟರೂ ಆಯ್ತು. ಹಾಳೆ ನೆಟ್ಟಗಿರುವುದಕ್ಕಿಂತ ಓರೆಯಾಗಿರಲಿ. ಬಲಗೈ ಮಗುವಿಗೆ ಎಡಕ್ಕೆ ಓರೆ, ಎಡಗೈ ಮಗುವಿಗೆ ಬಲಕ್ಕೆ. ಎಡಗೈ ಮಗು ಪೆನ್ಸಿಲ್ಲನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿದರೆ ಬರೆದದ್ದು ತನಗೆ ತಾನೇ ಕಾಣುತ್ತದೆ. ಮೂರು ಬೆರಳಿನ ಹಿಡಿತವೇ ಆಗಬೇಕು ಅಂತ ಹಟ ಬೇಡ. ನಾಲ್ಕು ಬೆರಳಲ್ಲಿ ಹಿಡಿದೂ ನೋವಿಲ್ಲದೆ ಚೆನ್ನಾಗಿ ಬರೆಯುವ ಮಕ್ಕಳಿದ್ದಾರೆ. ನೋಡಬೇಕಾದದ್ದು ಒತ್ತಡ. ಹಾಳೆ ತಿರುಗಿಸಿ ಹಿಂಭಾಗ ಸವರಿ. ಅಕ್ಷರ ಬೆರಳಿಗೆ ಉಬ್ಬುಬ್ಬಾಗಿ ತಗುಲಿದರೆ, ಬರೆಯುವಾಗ ಬೆರಳ ತುದಿ ಬೆಳ್ಳಗಾದರೆ, ನಡುನಡುವೆ ಮಗು ಕೈ ಕೊಡವಿದರೆ ಅದು ಜಾಸ್ತಿ ಒತ್ತುತ್ತಿದೆ. ಆ ಹುಡುಗನಿಗೆ ಮೆತ್ತನೆಯ ೨ಬಿ ಪೆನ್ಸಿಲ್ ಕೊಟ್ಟಳು, ಒತ್ತದಿದ್ದರೂ ಕಪ್ಪಗೆ ಮೂಡಲಿ ಅಂತ.

ಆಮೇಲೆ ಅಕ್ಷರ. ಅ ಆ ಇ ಈ ಕ್ರಮ ಬಿಟ್ಟು ಕೈ ಒಂದೇ ತರಹ ಓಡುವ ಅಕ್ಷರಗಳನ್ನು ಗುಂಪು ಮಾಡಿದಳು. ಪ, ಫ, ಷ ಒಂದು ಮನೆ. ವ, ಮ ಪಕ್ಕದ ಮನೆ. ದ, ಧ, ಥ ಇನ್ನೊಂದು. ಒಂದು ದಿನಕ್ಕೆ ಒಂದೇ ಮನೆ. ಪ ಎಲ್ಲಿ ಶುರು, ಎಲ್ಲಿ ತಿರುಗು, ತಲೆಕಟ್ಟು ಯಾವಾಗ, ಇದಿಷ್ಟು ಪ್ರತಿ ಸಲವೂ ಒಂದೇ ತರಹ ಬರಬೇಕು. ಇದನ್ನು ಮುಗಿದ ಪುಟ ನೋಡಿ ಕಂಡುಹಿಡಿಯಲು ಆಗಲ್ಲ. ಕೆಳಗಿನಿಂದ ಮೇಲಕ್ಕೆ ಬರೆದ ಪ ಕೂಡ ನಿಧಾನವಾಗಿ ಬರೆದರೆ ಚೆಂದವೇ ಕಾಣುತ್ತದೆ, ವೇಗ ಬಂದಾಗ ಬಣ್ಣ ಬಯಲಾಗುತ್ತದೆ. ಬರೆಯುವ ಕೈಯನ್ನೇ ನೋಡಬೇಕು. ಹಾಗಾಗಿಯೇ ಅವಳು ಒಂದು ಬ್ಯಾಚಿಗೆ ಐದು ಮಕ್ಕಳಿಗಿಂತ ಜಾಸ್ತಿ ಸೇರಿಸುತ್ತಿರಲಿಲ್ಲ. ನಿಮ್ಮ ಹಾಲ್‌ನಲ್ಲಿ ಹದಿನೈದು ಮಕ್ಕಳು ಕೂತಿದ್ದರೆ ನೀವು ಕೈ ನೋಡುತ್ತಿಲ್ಲ, ಪುಟ ತಿದ್ದುತ್ತಿದ್ದೀರಿ.

ನೀವು ನಿಲ್ಲಿಸಿದ್ದು ಬಹುಶಃ ಇಲ್ಲೇ. ಅವಳು ಮುಂದೆ ಹೋದಳು. ಪದ ತೋರಿಸಿ, ಮುಚ್ಚಿ, ನೆನಪಿನಿಂದ ಬರೆಸಿದಳು. ಅದು ಕೂತ ಮೇಲೆ ನಿಧಾನದ ಉಕ್ತಲೇಖನ, ದಿನಕ್ಕೆ ಮೂರೇ ವಾಕ್ಯ. ಆಮೇಲೆ ಸ್ವಂತ ವಾಕ್ಯ. ಜೊತೆಗೆ ಅಗಲ ಗೆರೆಯ ಹಾಳೆ ಬಿಡಿಸಿ ಮೆಲ್ಲಗೆ ಶಾಲೆಯ ನೋಟ್‌ಬುಕ್ಕಿನ ಗೆರೆಗೇ ತಂದಳು. ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಒತ್ತಕ್ಷರಕ್ಕೆ ಜಾಗ ಇರುತ್ತದೆ, ಒಂಟಿ ಗೆರೆಯ ನೋಟ್‌ಬುಕ್ಕಿನಲ್ಲಿ ಇರಲ್ಲ. ಅಕ್ಷರ ಸ್ವಲ್ಪ ಚಿಕ್ಕದು ಮಾಡಿ ಗೆರೆಗೆ ತುಸು ಮೇಲೆ ಕೂರಿಸು ಅಂತ ಯಾರಾದರೂ ಹೇಳಿಕೊಡಬೇಕು. "ನಿಮ್ಮಲ್ಲಿ ಚೆನ್ನಾಗಿ ಬರೀತಾನೆ, ಅಲ್ಲಿ ಇಲ್ಲ" ಅನ್ನುವ ದೂರಿನಲ್ಲಿ ಎಷ್ಟೋ ಸಲ ಇರುವುದು ಬರೀ ಈ ಗೆರೆಯ ಕಥೆ.

ಇಷ್ಟಕ್ಕೆ ಎಷ್ಟು ದಿನ? ಕೈಬರಹ ತಿದ್ದುವ ಕ್ರಮಗಳ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2011ರ ಒಂದು ವಿಮರ್ಶೆ ನಾನು ಓದಿದ್ದೇನೆ. ವಾರಕ್ಕೆ ಎರಡು ಸಲದಂತೆ ಕನಿಷ್ಠ 20 ತರಗತಿ ಆಗದೆ ಗುಣ ಕಾಣುವುದಿಲ್ಲ ಅನ್ನುವುದು ಅದರ ಸಾರ. ಬರೆಸದೆ ಬರೀ ಮಣಿ ಪೋಣಿಸುವುದು, ಹಿಟ್ಟು ನಾದುವುದು ಮಾಡಿಸಿದರೂ ಅಕ್ಷರ ಸುಧಾರಿಸಲಿಲ್ಲ ಅಂತಲೂ ಅದರಲ್ಲಿದೆ. ವಾರಕ್ಕೆ ಎರಡರಂತೆ 20 ತರಗತಿ ಅಂದರೆ ಹತ್ತು ವಾರ. ನಿಮ್ಮ ತಿಂಗಳ ಕೋರ್ಸ್ ಮುಗಿಯುವುದು ಕೆಲಸ ಹದಕ್ಕೆ ಬರುವ ಹೊತ್ತಿಗೆ. ಇನ್ನೊಂದು ತಮಾಷೆ ಏನಂದರೆ, ಮೂರನೇ ವಾರಕ್ಕೆ ಅಕ್ಷರ ಮೊದಲಿಗಿಂತ ಕೆಟ್ಟದಾಗಿ ಕಾಣುವುದೂ ಉಂಟು. ಹಳೇ ದಾರಿ ಬಿಟ್ಟ ಕೈಗೆ ಹೊಸ ದಾರಿ ಇನ್ನೂ ರೂಢಿಯಾಗಿಲ್ಲ, ವೇಗ ಬಿದ್ದುಹೋಗುತ್ತದೆ, ಶಾಲೆಯಲ್ಲಿ ನೋಟ್ಸ್ ಅರ್ಧಕ್ಕೆ ನಿಲ್ಲುತ್ತದೆ. ಪೋಷಕರು ಮಗುವನ್ನು ಬಿಡಿಸಿಕೊಂಡು ಹೋಗುವುದು ಸರಿಯಾಗಿ ಅದೇ ವಾರ. ಇದನ್ನು ಫೀಸ್ ತೆಗೆದುಕೊಳ್ಳುವ ದಿನವೇ ಹೇಳಿ. ಹತ್ತು ವಾರದ ಫೀಸನ್ನು ಎರಡು ಕಂತು ಮಾಡಿ, ಐದನೇ ವಾರಕ್ಕೆ ಮೂರು ಹಾಳೆ ಮತ್ತೆ ಬರೆಸಿ, ಹಳೆಯದರ ಪಕ್ಕ ಇಟ್ಟು ತೋರಿಸಿ ಎರಡನೇ ಕಂತು ಕೇಳಿ. ಆ ಹುಡುಗನ ಸ್ವಂತ ಮಾತಿನ ಹಾಳೆ ಕೊನೆಗೆ 47 ಅಕ್ಷರಕ್ಕೆ ಬಂತು. ಮುತ್ತು ಪೋಣಿಸಿದ ಹಾಗೇನೂ ಇರಲಿಲ್ಲ. ಓದಬಹುದಿತ್ತು, ಕೈ ನೋಯುತ್ತಿರಲಿಲ್ಲ. ಹತ್ತು ವಾರ ಕಳೆದೂ ಮೂರನೇ ಹಾಳೆ ಕದಲದಿದ್ದರೆ, ಅಕ್ಷರ ನೆನಪಿಗೇ ಬರದಿದ್ದರೆ, ಫೀಸ್ ಮುಂದುವರಿಸಬೇಡಿ. ಮಕ್ಕಳ ವೈದ್ಯರ ಹತ್ತಿರ ಒಮ್ಮೆ ತೋರಿಸಿ ಅನ್ನಿ.

ನಾಲ್ಕು ವರ್ಷದ ಮಕ್ಕಳನ್ನು ಕರೆತಂದರೆ ಸೇರಿಸಬೇಡಿ. ಮಣಿಕಟ್ಟಿನ ಎಳೆ ಮೂಳೆಗಳು ಇನ್ನೂ ಗಟ್ಟಿಯಾಗುತ್ತಿರುವ ವಯಸ್ಸು ಅದು. ಓರೆ ಗೆರೆ ಎಳೆಯಲೂ ಬಾರದ ಮಗುವಿಗೆ ಕಾಪಿ ಪುಸ್ತಕ ಕೊಟ್ಟು "ದುಂಡಗೆ ಬರಿ" ಅನ್ನುವುದು ಯಾವ ನ್ಯಾಯ? ನನ್ನ ಚಿಕ್ಕಂದಿನಲ್ಲಿ ಮೇಷ್ಟ್ರೊಬ್ಬರು ಅಡ್ಡ ಪಟ್ಟಿಯಲ್ಲಿ ಬೆರಳ ಗೆಣ್ಣಿಗೇ ಹೊಡೆಯುತ್ತಿದ್ದರು. ಕೈ ನೋಯುವಾಗ ಅಕ್ಷರ ಹೇಗೆ ದುಂಡಗಾಗುತ್ತೆ ಅಂತ ಅವರಿಗೂ ಹೊಳೆಯಲಿಲ್ಲ, ನನಗೂ ಕೇಳುವ ಧೈರ್ಯ ಇರಲಿಲ್ಲ. ಈಗ ಪಟ್ಟಿ ಹೋಗಿದೆ, ಮನೆಗೆ ಬಂದು ಹತ್ತು ಪುಟ ಬರಿ ಅನ್ನುವ ಅಮ್ಮಂದಿರು ಬಂದಿದ್ದಾರೆ. ಐದನೇ ಪುಟದಿಂದಾಚೆಗೆ ಮಗು ಅಭ್ಯಾಸ ಮಾಡುವುದು ಕೆಟ್ಟ ಅಕ್ಷರವನ್ನೇ. ದಿನಕ್ಕೆ ಹತ್ತು ನಿಮಿಷ ಸಾಕು ಅಂದರೆ ಕೊಟ್ಟ ದುಡ್ಡಿಗೆ ಸಾಲದು ಅನ್ನಿಸುತ್ತದೋ ಏನೋ.

ಅಬಾಕಸ್ ಬಗ್ಗೆ ಕೇಳಿದ್ದೀರಿ. ಬೇಡ ಅನ್ನಲ್ಲ, ಆದರೆ ಅಲ್ಲೂ ಇದೇ ರೋಗ. 7ಕ್ಕೆ 8 ಕೂಡಿಸು ಅಂದರೆ ಮಗು ಎಂಟನ್ನು ಹತ್ತು ಮಾಡುವ "ದೊಡ್ಡ ಗೆಳೆಯ" ಎರಡು ಅಂತ ಕೆಳಗಿನ ಎರಡು ಮಣಿ ತೆಗೆದು, ಪಕ್ಕದ ಕಂಬಿಯಲ್ಲಿ ಹತ್ತರ ಒಂದು ಮಣಿ ಏರಿಸುತ್ತದೆ, 15 ಬಂತು. ಶಾಲೆಯಲ್ಲಿ ಅದೇ ಲೆಕ್ಕ ಮೇಲೆ ಕೆಳಗೆ ಬರೆದು ದಶಕ ಒಯ್ಯಬೇಕು. ಆ ಏರಿಸಿದ ಮಣಿಯೇ ಈ ದಶಕ ಅಂತ ಯಾರೂ ತೋರಿಸಿಕೊಡದಿದ್ದರೆ ಮಗುವಿಗೆ ಅವು ಎರಡು ಬೇರೆ ಬೇರೆ ವಿದ್ಯೆ. ವಡೋದರಾದ ಶಾಲಾ ಮಕ್ಕಳ ಮೇಲೆ ಮೂರು ವರ್ಷ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಮನಸ್ಸಿನಲ್ಲೇ ಮಣಿ ಸರಿಸಲು ಕಲಿತವರ ಲೆಕ್ಕ ಸುಧಾರಿಸಿತು, ನೆನಪಿನ ಶಕ್ತಿಯಂಥ ಮೂಲ ಸಾಮರ್ಥ್ಯಗಳೇನೂ ಬೆಳೆದದ್ದು ಕಾಣಲಿಲ್ಲ. ಹಾಗಾಗಿ "ಬುದ್ಧಿ ಚುರುಕಾಗುತ್ತೆ" ಅಂತ ಬೋರ್ಡ್ ಬರೆಸಬೇಡಿ. ಅಲ್ಲಾ, ಕೈಬರಹದ ಕ್ಲಾಸಿಗೇ ಹತ್ತು ವಾರ ಬೇಕು ಅಂತಿದ್ದೇನೆ, ಅದೇ ಟೀಪಾಯಿ ಮೇಲೆ ಇನ್ನೊಂದನ್ನು ಎಲ್ಲಿಡ್ತೀರಿ?

ಇನ್ನೊಂದು ಮಾತು. ನಿಮ್ಮ ಪತ್ರ ಮೂರು ಪುಟ ಇತ್ತು, ಇಲ್ಲಿ ಚಿಕ್ಕದು ಮಾಡಿದ್ದೇನೆ. ಮೊದಲ ಪುಟ ಅಚ್ಚು ಹಾಕಿದ ಹಾಗಿದೆ. ಫೀಸ್ ವಾಪಸ್ ಕೇಳಿದ ಕಥೆ ಬರುವ ಮೂರನೇ ಪುಟದಲ್ಲಿ ತಲೆಕಟ್ಟು ಹಾರಿವೆ, ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದಿವೆ, ಹಾಳೆಯ ಹಿಂದೆ ಸವರಿದರೆ ಉಬ್ಬುಬ್ಬು. ಆ ತಾಯಿ ಮತ್ತೆ ಬಂದರೆ ಆ ಪುಟ ತೋರಿಸಿ, ಬೇಕಿದ್ದರೆ ಅಂಚೆಯಲ್ಲಿ ವಾಪಸ್ ಕಳಿಸುತ್ತೇನೆ.

– ಸಂ.