ಬಿಲ್‌ನಲ್ಲಿ ಜಾಸ್ತಿ ಬೆಲೆ ಹಾಕಿದ್ದರೆ ಕ್ರೆಡಿಟ್ ನೋಟ್ ಕೊಡುವುದು ಹೇಗೆ?

"ಮಂಡ್ಯದಲ್ಲಿ ನಮ್ಮ ಪೈಪ್ ಅಂಗಡಿ. 2025ರ ಆಗಸ್ಟ್‌ನಲ್ಲಿ ಮೈಸೂರಿನ ಕಂಟ್ರಾಕ್ಟರ್‌ಗೆ 100 ಪೈಪಿಗೆ 400ರ ಬದಲು 450 ರೂಪಾಯಿಯಂತೆ ಬಿಲ್ ಹಾಕಿಬಿಟ್ಟೆವು. ಆಗಸ್ಟ್ ರಿಟರ್ನ್ ಸಲ್ಲಿಸಿಯಾಗಿದೆ. ಈಗೇನು ಮಾಡಬೇಕು?"

ಹಳೆಯ ಬಿಲ್ಲನ್ನು ಮುಟ್ಟಬೇಡಿ. ಅದರ ನಂಬರ್, ತಾರೀಖು ನಮೂದಿಸಿ ಸೆಪ್ಟೆಂಬರ್‌ನಲ್ಲೇ ಕ್ರೆಡಿಟ್ ನೋಟ್ ಕೊಡಿ. ಜಾಸ್ತಿಯಾದದ್ದು 5,000 ರೂಪಾಯಿ. ಅದರ ಮೇಲೆ ಶೇ. 18ರಂತೆ ತೆರಿಗೆ 900. ಒಟ್ಟು 5,900 ರೂಪಾಯಿಯ ನೋಟ್.

ಇದು ಸೆಪ್ಟೆಂಬರ್ ತಿಂಗಳ GSTR-1ರಲ್ಲಿ 9B ಕೋಷ್ಟಕಕ್ಕೆ ಹೋಗುತ್ತದೆ. ಆ ತಿಂಗಳ ಉಳಿದ ಮಾರಾಟ 3 ಲಕ್ಷ ಇದ್ದರೆ, GSTR-3Bಯಲ್ಲಿ 2,95,000 ತೋರಿಸುತ್ತೀರಿ. ತೆರಿಗೆ 54,000ದ ಬದಲು 53,100 ಆಗುತ್ತದೆ. ಆಗಸ್ಟ್ ರಿಟರ್ನ್ ಹಾಗೇ ಇರಲಿ.

ತೊಂದರೆ ಬರುವುದು ಖರೀದಿದಾರರ ಕಡೆಯಿಂದ. ಅವರು ಆ 900 ರೂಪಾಯಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಗೊಂಡಿದ್ದರೆ ವಾಪಸ್ ಮಾಡಲೇಬೇಕು. ಅವರು ವಾಪಸ್ ಮಾಡದಿದ್ದರೆ ನಿಮಗೆ ತೆರಿಗೆ ಕಡಿಮೆಯಾಗುವುದಿಲ್ಲ. GST ಪೋರ್ಟಲ್‌ನಲ್ಲಿ ಬಿಲ್, ನೋಟ್‌ಗಳನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ IMS ವ್ಯವಸ್ಥೆಯಲ್ಲಿ ಅವರು ನಿಮ್ಮ ನೋಟನ್ನು ತಿರಸ್ಕರಿಸಿದರೆ, ಆ ಮೊತ್ತ ನಿಮ್ಮ ಮುಂದಿನ GSTR-3Bಗೆ ಮತ್ತೆ ಸೇರುತ್ತದೆ. ಅದಕ್ಕೇ ನೋಟ್ ಕಳಿಸುವ ಮೊದಲೇ ಅವರ ಲೆಕ್ಕಿಗರಿಗೆ ಒಂದು ಫೋನ್ ಮಾಡಿ ಹೇಳಿಬಿಡಿ.

ಸುಮ್ನೆ ತೆರಿಗೆ ಇಲ್ಲದ ನೋಟ್ ಕೊಟ್ಟರೆ ಲೆಕ್ಕದ ಬಾಕಿ ಮಾತ್ರ ಸರಿಯಾಗುತ್ತದೆ, 900 ರೂಪಾಯಿ ಸಿಗುವುದಿಲ್ಲ. ಈ ಬಿಲ್ಲಿನ ಕ್ರೆಡಿಟ್ ನೋಟನ್ನು ರಿಟರ್ನ್‌ನಲ್ಲಿ ತೋರಿಸಲು ಕೊನೆಯ ಗಡುವು 2026ರ ನವೆಂಬರ್ 30. ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಅಂದಿಗೇ ಗಡುವು ಮುಗಿಯಿತು.