ಇ-ರೀಡರ್ ಕೊಳ್ಳುವ ಮೊದಲು ಸ್ಕೇಲ್ ತಗೊಂಡು ಪುಟ ಅಳೆಯಿರಿ

ಪ್ರಶ್ನೆ: ಕನ್ನಡ ಕಾದಂಬರಿ ತುಂಬಾ ಓದುತ್ತೇನೆ, ಜಾಸ್ತಿ ಹಳೆಯವೇ. ರಾತ್ರಿ ಹೊತ್ತಿಗೆ ಕಣ್ಣು ಉರಿಯುತ್ತೆ. ಇ-ರೀಡರ್ ತಗೊಳ್ಳಲಾ, ಇಲ್ಲಾ ಪುಸ್ತಕವೇ ವಾಸಿನಾ? ಕನ್ನಡ ಅಕ್ಷರ ಅದರಲ್ಲಿ ಸರಿಯಾಗಿ ಬರುತ್ತಾ?

"ಜಾಸ್ತಿ ಹಳೆಯವೇ" ಅಂದಿರಲ್ಲ, ನನ್ನ ದುಡ್ಡು ಹೋಗಿದ್ದು ಅಲ್ಲೇ.

ನಾನು ಆಗ ಆರಿಂಚಿನ ರೀಡರ್ ತಗೊಂಡೆ. ಮುನ್ನೂರು ಪಿಪಿಐ, ಅಂದರೆ ಇಂಚಿಗೆ ಮುನ್ನೂರು ಚುಕ್ಕಿ, ಅಚ್ಚಿನ ಹಾಗೇ ಕಾಣುತ್ತೆ ಅಂತ ಎಲ್ಲರೂ ಬರೆದಿದ್ದರು. ಅಂಗಡಿಯಲ್ಲಿ ಇಂಗ್ಲಿಷ್ ಪುಟ ತೋರಿಸಿದರು, ನಿಜಕ್ಕೂ ಚೆನ್ನಾಗಿತ್ತು. ಮನೆಗೆ ಬಂದು ಆರ್ಕೈವ್ ತಾಣದಿಂದ ಇಳಿಸಿಟ್ಟಿದ್ದ ಹಳೆಯ ಕನ್ನಡ ಕಾದಂಬರಿಗಳ ಸ್ಕ್ಯಾನ್‌ಗಳನ್ನು ಅದಕ್ಕೆ ತುಂಬಿದೆ. ಮೊದಲ ಪುಟ ತೆರೆದಾಗ ಇರುವೆ ಸಾಲು ಕಂಡಿತು. ಓದೋಕೆ ಆಗಲ್ಲ ಅಂತಲ್ಲ, ಓದಬಹುದು, ಆದರೆ ಮುಖಕ್ಕೆ ಹತ್ತಿರ ಹಿಡಿಯಬೇಕು. ಕಣ್ಣಿಗೆ ಆರಾಮ ಸಿಗಲಿ ಅಂತ ತಂದದ್ದು ಕಣ್ಣನ್ನೇ ಹಿಂಡೋಕೆ ಶುರು ಮಾಡಿತು.

ಯಾಕೆ ಹೀಗಾಯಿತು ಅಂತ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದರೆ ಇದನ್ನು ಯಾರೂ ಹೇಳಲ್ಲ. ನಮ್ಮ ಬಹುಪಾಲು ಕಾದಂಬರಿಗಳು ಡೆಮಿ 1/8 ಅಳತೆಯವು. ಹಳೆಯ ಪುಸ್ತಕದ ಒಳಪುಟದಲ್ಲಿ ಹಾಗಂತಲೇ ಅಚ್ಚು ಹಾಕಿರ್ತಾರೆ, ನೋಡಿ. ಅಂದರೆ ಪುಟ ಸುಮಾರು 14 ಸೆಂಟಿಮೀಟರ್ ಅಗಲ, 21.5 ಸೆಂಟಿಮೀಟರ್ ಉದ್ದ. ಆರಿಂಚಿನ ರೀಡರ್ ಅಂತಾರಲ್ಲ, ಆ ಆರು ಇಂಚು ಮೂಲೆಯಿಂದ ಮೂಲೆಗೆ. ಪರದೆಯ ನಿಜವಾದ ಅಳತೆ 9 ಸೆಂಟಿಮೀಟರ್ ಅಗಲ, 12 ಉದ್ದ ಅಷ್ಟೇ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಪುಟದ ಫೋಟೊ. ಅದರಲ್ಲಿ ಅಕ್ಷರ ದೊಡ್ಡದು ಮಾಡುವ ಬಟನ್ ಕೆಲಸ ಮಾಡಲ್ಲ, ಇಡೀ ಫೋಟೊ ಪರದೆಗೆ ಹಿಡಿಯುವಷ್ಟು ಕುಗ್ಗುತ್ತದೆ. 21.5 ಅನ್ನು 12ಕ್ಕೆ ಇಳಿಸಿದರೆ ಅಕ್ಷರ ಅಸಲಿಯ ಶೇಕಡಾ 56ರಷ್ಟಾಗುತ್ತದೆ. ಪುಸ್ತಕದಲ್ಲಿ 12 ಪಾಯಿಂಟ್ ಇದ್ದದ್ದು ಇಲ್ಲಿ 7ಕ್ಕಿಂತ ಕಮ್ಮಿ. ಮುನ್ನೂರಲ್ಲ, ಸಾವಿರ ಪಿಪಿಐ ಇದ್ದರೂ ಚಿಕ್ಕದು ಚಿಕ್ಕದೇ, ಅಲ್ವಾ?

ಇಂಗ್ಲಿಷಿನವರು ಇಷ್ಟು ಚಿಕ್ಕದನ್ನೂ ಹೇಗೋ ಸಹಿಸಿಕೊಳ್ಳಬಹುದು, ನಮಗೆ ಕಷ್ಟ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಬ ಮತ್ತು ಭ, ಡ ಮತ್ತು ಢ ಕೂಡ ಹಾಗೇ. ಅಕ್ಷರ ಕುಗ್ಗಿದರೆ ಮೊದಲು ಮುಚ್ಚಿಹೋಗುವುದು ಆ ಸೀಳು. ಆಮೇಲೆ ಒತ್ತಕ್ಷರ. ಅದು ಮೊದಲೇ ಮೂಲ ಅಕ್ಷರಕ್ಕಿಂತ ಚಿಕ್ಕದು, ಕೆಳಗೆ ತೂಗಾಡುತ್ತಿರುತ್ತದೆ. "ರಾಷ್ಟ್ರ" ಅನ್ನುವ ಪದದಲ್ಲಿ ಷ ಕೆಳಗೆ ಎರಡು ಒತ್ತು ಇವೆಯಲ್ಲ, ನನ್ನ ರೀಡರಿನಲ್ಲಿ ಅದೊಂದು ಕಪ್ಪು ಚುಕ್ಕೆ. ಪದ ಊಹಿಸಿ ಓದುತ್ತಿದ್ದೆ. ಅಲ್ಲದೆ ಸ್ಕ್ಯಾನ್ ಮಾಡಿದ ಪುಸ್ತಕವೇ ಹಳೆಯ ಮೊಳೆ ಜೋಡಿಸಿ ಅಚ್ಚು ಹಾಕಿದ್ದು, ಮೊಳೆ ಸವೆದಿರುತ್ತದೆ, ಕಾಗದ ಹಳದಿ. ಅಲ್ಲೇ ಅರ್ಧ ಹೋಗಿರುವುದನ್ನು ರೀಡರ್ ಹುಟ್ಟಿಸಿ ಕೊಡುತ್ತಾ?

ಆಮೇಲೆ ಸ್ಕೇಲ್ ಹಿಡಿದು ಕೂತೆ. ಮೊದಲೇ ಮಾಡಬೇಕಾಗಿತ್ತು. ಡೆಮಿ ಪುಟದಲ್ಲಿ ಅಂಚು ಬಿಟ್ಟು ಬರೀ ಅಕ್ಷರ ಇರುವ ಜಾಗ ಸುಮಾರು 10.5 ಸೆಂಟಿಮೀಟರ್ ಅಗಲ, 17 ಉದ್ದ. ಅಂಚು ಕತ್ತರಿಸಿ ರೀಡರನ್ನು ಅಡ್ಡ ಹಿಡಿದರೆ ಆ 10.5 ಹಿಗ್ಗಿ 12 ಆಗುತ್ತದೆ, ಅಂದರೆ ಅಚ್ಚಿಗಿಂತ ದೊಡ್ಡದೇ. ಆದರೆ ಒಂದು ಪುಟಕ್ಕೆ ಮೂರು ಸಲ ಒತ್ತಬೇಕು. ನಾಲ್ಕುನೂರು ಪುಟದ ಕಾದಂಬರಿಗೆ ಸಾವಿರದಿನ್ನೂರು ಸಲ. ಮಾಡಿದ್ದೇನೆ, ಬೇಡ ಅಂತೀನಿ. 7.8 ಇಂಚಿನದರಲ್ಲಿ ಅಂಚು ಕತ್ತರಿಸಿದರೆ ಇಡೀ ಪುಟ ಒಂದೇ ಸಲ ಕೂರುತ್ತದೆ, ಅಕ್ಷರ ಅಚ್ಚಿಗಿಂತ ಒಂದು ಚೂರು ಚಿಕ್ಕದು ಅಷ್ಟೇ. 10.3 ಇಂಚಿನದರಲ್ಲಿ ಅಚ್ಚಿಗಿಂತ ಐದನೇ ಒಂದು ಪಾಲು ದೊಡ್ಡದಾಗಿ ಬರುತ್ತದೆ. ನೀವು ಸ್ಕ್ಯಾನ್ ಓದುವವರಾದರೆ 7.8 ಕನಿಷ್ಠ, ಸಾಧ್ಯವಾದರೆ 10.3. ಬೆಲೆ ಜಾಸ್ತಿ, ನಿಜ. ಆದರೆ ಚಿಕ್ಕದು ಕೊಂಡು ಮೂಲೆಗೆ ಎಸೆಯುವುದೂ ಖರ್ಚೇ. ನನ್ನದು ಈಗ ಅಣ್ಣನ ಮಗಳ ಹತ್ತಿರ ಇದೆ, ಅವಳು ಇಂಗ್ಲಿಷ್ ಓದುತ್ತಾಳೆ, ಅವಳಿಗೆ ಅದು ಸರಿಹೋಗಿದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪುಸ್ತಕವೋ ರೀಡರೋ ಅಂತ ಕೇಳಬೇಡಿ. ನೀವು ಓದುವ ಕನ್ನಡ ಯಾವ ರೂಪದಲ್ಲಿ ಸಿಗುತ್ತೆ ಅಂತ ಮೊದಲು ಕೇಳಿಕೊಳ್ಳಿ. ಇಂಗ್ಲಿಷ್ ಓದುಗರ ಸಲಹೆ ನಮಗೆ ಹೊಂದದಿರುವುದು ಇದಕ್ಕೇ. ಅವರಿಗೆ ಅಂಗಡಿ ತುಂಬ ಇ-ಪುಸ್ತಕ ಇವೆ. ಕಿಂಡಲ್ ಅಂಗಡಿ 2016ರ ಕೊನೆಗೆ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹೊಸ ಕನ್ನಡ ಇ-ಪುಸ್ತಕಗಳನ್ನು ಮೈಲ್ಯಾಂಗ್ ತರಹದ ಆಪ್‌ಗಳು ಮಾರುತ್ತವೆ, ಅವನ್ನು ಆ ಆಪ್ ಒಳಗೇ ಓದಬೇಕು. ಮಾಮೂಲಿ ರೀಡರಿನಲ್ಲಿ ಆಪ್ ಹಾಕೋಕೆ ಆಗಲ್ಲ. ಇ-ಇಂಕ್, ಅಂದರೆ ಇ-ರೀಡರ್‌ಗಳಲ್ಲಿರುವ ಕಾಗದದಂಥ ಪರದೆ, ಅದು ಇದ್ದೂ ಒಳಗೆ ಆಂಡ್ರಾಯ್ಡ್ ಇರುವ ರೀಡರ್‌ಗಳು ಸಿಗುತ್ತವೆ, ಬೂಕ್ಸ್ ಅಂಥದ್ದು. ಹಳೆಯ ಸ್ಕ್ಯಾನು, ಹೊಸ ಆಪು ಎರಡೂ ಬೇಕು ಅನ್ನುವ ಕನ್ನಡಿಗರಿಗೆ ಅದೊಂದೇ ದಾರಿ ಅಂತ ನನ್ನ ಅಭಿಪ್ರಾಯ.

ಇನ್ನು ಅಕ್ಷರ ಸರಿಯಾಗಿ ಬರುತ್ತಾ ಅಂದಿರಿ. ಸ್ಕ್ಯಾನ್ ಆದರೆ ಆ ಪ್ರಶ್ನೆಯೇ ಇಲ್ಲ, ಅದು ಚಿತ್ರ. ಯುನಿಕೋಡ್ ಪಠ್ಯ, ಅಂದರೆ ಚಿತ್ರವಲ್ಲದೆ ಅಕ್ಷರವಾಗಿಯೇ ಟೈಪ್ ಮಾಡಿದ್ದು ಆದರೆ ಪರೀಕ್ಷೆ ಮಾಡದೆ ಕೊಳ್ಳಬೇಡಿ. ಒಂದು ಸಣ್ಣ ಫೈಲಿನಲ್ಲಿ ಈ ಪದಗಳನ್ನು ಟೈಪ್ ಮಾಡಿಟ್ಟುಕೊಳ್ಳಿ: ಸ್ತ್ರೀ, ರಾಷ್ಟ್ರ, ಸೂರ್ಯ, ವೈಶಿಷ್ಟ್ಯ, ಲಕ್ಷ್ಮಿ, ಜ್ಞಾನ, ಸಂಸ್ಕೃತಿ. ಕೊಳ್ಳಬೇಕೆಂದಿರುವ ರೀಡರ್ ಯಾರ ಬಳಿ ಇದೆಯೋ ಅವರಿಗೆ ಕಳಿಸಿ, ತೆರೆದು ಫೋಟೊ ಕಳಿಸಿ ಅನ್ನಿ. ರಾಷ್ಟ್ರ ಅನ್ನುವುದು "ರಾಷ್‌ಟ್‌ರ" ಅಂತ ಬಿಡಿಬಿಡಿಯಾಗಿ ಬಂದರೆ ಒತ್ತು ಕೂಡಿಸುವ ಕೆಲಸ ಆ ಯಂತ್ರಕ್ಕೆ ಬರಲ್ಲ ಅಂತ. ಬರೀ ಚೌಕ ಬಂದರೆ ಕನ್ನಡ ಫಾಂಟ್ ಇಲ್ಲ ಅಂತ. ಎರಡನೆಯದಕ್ಕೆ ಮದ್ದು ಸುಲಭ: ಕೋಬೊ, ಕಿಂಡಲ್ ಎರಡರಲ್ಲೂ `fonts` ಅನ್ನುವ ಫೋಲ್ಡರಿಗೆ ನಮ್ಮ ಫಾಂಟ್ ಹಾಕಬಹುದು. ಮೊದಲನೆಯದಕ್ಕೆ ಫಾಂಟ್ ಬದಲಿಸಿದರೆ ಸಾಲದು, ಓದುವ ತಂತ್ರಾಂಶವೇ ಬದಲಾಗಬೇಕು. ಕೆಒರೀಡರ್ ಅಂತ ಉಚಿತ ತಂತ್ರಾಂಶ ಇದೆ, ಕೋಬೊದಲ್ಲೂ ಆಂಡ್ರಾಯ್ಡ್ ರೀಡರಿನಲ್ಲೂ ಹಾಕಬಹುದು, ಅದು ಕನ್ನಡ ಒತ್ತುಗಳನ್ನು ಸರಿಯಾಗಿ ಕೂಡಿಸುತ್ತದೆ. ಆದರೆ ಅದರಲ್ಲಿ ಅಕ್ಷರ ಜೋಡಿಸುವ ಕರ್ನಿಂಗ್ ಅನ್ನುವ ಸೆಟ್ಟಿಂಗ್ `best` ಅಂತಲೇ ಇರಲಿ. ಪುಟ ಬೇಗ ತಿರುಗಲಿ ಅಂತ `fast` ಮಾಡಿದರೆ ಒತ್ತು ಮತ್ತೆ ಚೆಲ್ಲಾಪಿಲ್ಲಿ.

ಗೆಳೆಯರು ಕಳಿಸಿದ ಫೈಲ್ ತೆರೆದಾಗ ಕನ್ನಡ ಅನ್ನುವ ಜಾಗದಲ್ಲಿ `PÀ£ÀßqÀ` ಅಂತ ಕಂಡರೆ ಗಾಬರಿಯಾಗಿ ರೀಡರ್ ವಾಪಸ್ ಮಾಡಬೇಡಿ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ನುಡಿಯಿಂದ ಯುನಿಕೋಡಿಗೆ ತಿರುಗಿಸುವ ಸಾಧನಗಳು ಅಂತರ್ಜಾಲದಲ್ಲೇ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ನೋಡಿಬಿಡಿ, ತಪ್ಪು ಅಲ್ಲೇ ಉಳಿಯುವುದು ಜಾಸ್ತಿ.

ಫಾಂಟ್ ಯಾವುದು ಅಂದರೆ, ನಾನು ನೋಟೊ ಸೆರಿಫ್ ಕನ್ನಡ ಇಟ್ಟುಕೊಂಡಿದ್ದೇನೆ. ಉಚಿತ, ಹಲವು ದಪ್ಪಗಳಲ್ಲಿ ಬರುತ್ತದೆ. ಇ-ಇಂಕ್ ಮೇಲೆ ತೆಳು ಗೆರೆ ಬೂದು ಆಗಿ ಕಾಣುತ್ತದೆ, ಆದ್ದರಿಂದ ರೆಗ್ಯುಲರ್‌ಗಿಂತ ಒಂದು ಮೆಟ್ಟಿಲು ಮೇಲೆ ಮೀಡಿಯಂ ಇದೆಯಲ್ಲ, ಅದು ಹಾಕಿ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇಡಿ. ಇಂಗ್ಲಿಷಿಗೆ ಇಟ್ಟಿರುವ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಲಅಂಚು ಸಮ ಮಾಡುವುದನ್ನು ಆಫ್ ಮಾಡಿಬಿಡಿ. ನಮ್ಮ ಪದಗಳು ಉದ್ದ, "ಹೋಗಬೇಕಾಗಿದ್ದರಿಂದ" ಅಂತ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ, ಅದು ಮುಂದಿನ ಸಾಲಿಗೆ ಹೋದರೆ ಉಳಿದ ಮೂರು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿಡುತ್ತದೆ.

ಕಣ್ಣಿನ ವಿಷಯ. ಇ-ಇಂಕ್ ಕಣ್ಣಿಗೆ ತಂಪು ಅಂತ ಸುಮ್ನೆ ನಂಬಬೇಡಿ. ಫೋನಿಗಿಂತ ನನಗೆ ಖಂಡಿತ ಆರಾಮ. ಆದರೆ ಅದರ ಹಿನ್ನೆಲೆ ಬಿಳಿಯಲ್ಲ, ತಿಳಿ ಬೂದು. ಮಬ್ಬು ಬೆಳಕಿನಲ್ಲಿ ಪರದೆಯ ಲೈಟ್ ಹಾಕದೆ ಓದಿದರೆ ಒಳ್ಳೆಯ ಕಾಗದಕ್ಕಿಂತ ಕಷ್ಟವೇ. ಅದು ಗೆಲ್ಲುವುದು ಒಂದೇ ಕಡೆ: ಯುನಿಕೋಡ್ ಪಠ್ಯವಾದರೆ ಅಕ್ಷರವನ್ನು ನಮಗೆ ಬೇಕಾದಷ್ಟು ದೊಡ್ಡದು ಮಾಡಬಹುದು. ನಲವತ್ತು ದಾಟಿದ್ದರೆ ನಿಮ್ಮದು ರೀಡರಿನ ಸಮಸ್ಯೆಯೇ ಅಲ್ಲದಿರಬಹುದು, ಚಾಳೀಸು ಬಂದಿರಬಹುದು. ಪುಸ್ತಕ ದೂರ ಹಿಡಿದಾಗ ಅಕ್ಷರ ತಿಳಿಯಾಗುತ್ತಾ ನೋಡಿ. ಆಗುತ್ತೆ ಅಂದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ರೀಡರ್ ಆಮೇಲೆ. ಬೆಳಗ್ಗೆ ಸರಿಯಿದ್ದು ರಾತ್ರಿ ಉರಿ ಅಂದರೆ ಕಣ್ಣು ಒಣಗುತ್ತಿರುವುದೂ ಕಾರಣವಿರಬಹುದು. ಕತೆಯಲ್ಲಿ ಮುಳುಗಿದಾಗ ರೆಪ್ಪೆ ಬಡಿಯುವುದೇ ಕಮ್ಮಿಯಾಗುತ್ತದೆ, ಅದು ಕಾಗದದಲ್ಲೂ ಹಾಗೇ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳುವ ಕಡೆ ಕೂರಬೇಡಿ.

ಅಚ್ಚಾದದ್ದು ಸಿಗುವುದಾದರೆ ಮರುಮುದ್ರಣ ಕೊಳ್ಳಿ, ಒಂದು ಷರತ್ತಿನ ಮೇಲೆ: ಅಂಗಡಿಯಲ್ಲೇ ನಡುಪುಟ ಬಿಡಿಸಿ ನೋಡಿ. ಕೆಲವು ಮರುಮುದ್ರಣಗಳು ಪುಟ ಉಳಿಸೋಕೆ ಅಕ್ಷರ ಚಿಕ್ಕದು ಮಾಡಿರುತ್ತವೆ, ಕಾಗದದ ಹಿಂಬದಿಯ ಸಾಲು ಈಚೆ ಕಾಣುತ್ತದೆ, ಗೋಂದಿನ ಬೈಂಡಿಂಗ್ ಆದ್ದರಿಂದ ಒಳಅಂಚಿನ ಅಕ್ಷರ ಬೆನ್ನಿನೊಳಗೆ ಹೋಗಿರುತ್ತದೆ. ಅಂಥದ್ದಕ್ಕಿಂತ 10.3 ಇಂಚಿನ ಮೇಲೆ ಹಳೆಯ ಮುದ್ರಣದ ಸ್ಕ್ಯಾನೇ ನನಗೆ ಮೇಲು. ಆದರೆ ಕವನ ಸಂಕಲನ ಮಾತ್ರ ಯಾವತ್ತೂ ಕಾಗದದ್ದೇ ತಗೊಳ್ತೀನಿ. ಅಕ್ಷರ ದೊಡ್ಡದು ಮಾಡಿದ ತಕ್ಷಣ ಕವಿ ಮುರಿದ ಸಾಲು ಯಾವುದು, ಪರದೆ ಮುರಿದ ಸಾಲು ಯಾವುದು ಅಂತ ಗೊತ್ತೇ ಆಗಲ್ಲ.