ಗುಳಿಗೆ ಕೊಟ್ಟ ಮೇಲೂ ಹುಳು: ಅಂಬೆಗಾಲಿಡುವ ಮಗುವಿನ ಒಂದು ಪ್ರಕರಣ

ಗದಗ ತಾಲೂಕಿನ ಒಂದು ಊರಿನ ತಾಯಿ ಸೆಪ್ಟೆಂಬರ್ ನಡುವೆ ಬಂದರು. ಹದಿನಾಲ್ಕು ತಿಂಗಳ ಮಗು ರಾತ್ರಿ ಎದ್ದೆದ್ದು ಅಳುತ್ತದೆ, ಕುಂಡಿ ತುರಿಸಿಕೊಳ್ಳುತ್ತದೆ, ಅಲ್ಲಿ ದಾರದ ಚೂರಿನಂಥ ಬಿಳಿ ಹುಳು ಕಂಡಿದೆ. "ಆಗಸ್ಟ್ 10ಕ್ಕ ಅಂಗನವಾಡ್ಯಾಗ ಗುಳಿಗಿ ಕೊಟ್ಟಾರ್ರಿ, ಮತ್ಯಾಕ ಬಂದಾವ?" ಅತ್ತೆಯ ಪ್ರಕಾರ ಬೆಲ್ಲವೇ ಕಾರಣ.

ಗುಳಿಗೆಯೂ ಸರಿ ಇತ್ತು, ಪ್ರಮಾಣವೂ ಸರಿ ಇತ್ತು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅಲ್ಬೆಂಡಜೋಲ್ 400 ಮಿ.ಗ್ರಾಂ.ನ ಅರ್ಧ ಗುಳಿಗೆಯನ್ನು ಪುಡಿಮಾಡಿ ನೀರಲ್ಲಿ ಕಲಸಿ ಕೊಡುತ್ತಾರೆ. ಆದರೆ ಅದು ಹುಳುವನ್ನು ಕೊಲ್ಲುತ್ತದೆ, ಈ ಹುಳುವಿನ ಮೊಟ್ಟೆಯನ್ನಲ್ಲ. ಹೆಣ್ಣುಹುಳು ರಾತ್ರಿ ಗುದದ್ವಾರದ ಸುತ್ತ ಮೊಟ್ಟೆ ಇಡುತ್ತದೆ. ತುರಿಸಿದ ಕೈಯ ಉಗುರಿಗೆ ಅದು ಸೇರಿ, ಬಾಯಿಗೆ ಹೋಗಿ, ಮತ್ತೆ ಹೊಟ್ಟೆಯಲ್ಲಿ ಹುಳುವಾಗುತ್ತದೆ. ಬೆಲ್ಲಕ್ಕೆ ಇದರಲ್ಲಿ ಪಾಲಿಲ್ಲ.

ಇನ್ನಷ್ಟು ಕೇಳಿದಾಗ ಮೂಲ ಸಿಕ್ಕಿತು. ಐದು ವರ್ಷದ ಅಕ್ಕನೂ ರಾತ್ರಿ ತುರಿಸಿಕೊಳ್ಳುತ್ತಾಳೆ, ಇಬ್ಬರಿಗೂ ಒಂದೇ ಕೌದಿ. ಅವಳು ಉಣಿಸಿದ ತುತ್ತು, ಅವಳು ಮುಟ್ಟಿದ ಆಟಿಕೆ ಎಲ್ಲವೂ ತಮ್ಮನ ಬಾಯಿಗೆ. ಮಗುವಿನ ಕೈಯಷ್ಟೇ ತೊಳೆದರೆ ಇಲ್ಲಿ ಸಾಲದು.

ಡಾಕ್ಟರರನ್ನು ಕಂಡು ಮನೆಮಂದಿಗೆಲ್ಲ ಒಂದೇ ದಿನ ಔಷಧ ತೆಗೆದುಕೊಂಡು, ಎರಡು ವಾರ ಬಿಟ್ಟು ಮತ್ತೊಮ್ಮೆ ತೆಗೆದುಕೊಳ್ಳಲು ಹೇಳಿದೆವು. ಮೊದಲ ಸಲ ಉಳಿದ ಮೊಟ್ಟೆಗಳಿಂದ ಬಂದ ಹುಳುಗಳು ಎರಡನೆಯದಕ್ಕೆ ಸಿಗುತ್ತವೆ. ತಾಯಿ ಮಾತ್ರ ಎರಡು ತಿಂಗಳ ಬಸುರಿ. ಮೊದಲ ಮೂರು ತಿಂಗಳು ಈ ಗುಳಿಗೆ ಬೇಡ, ಅವರಿಗೆ ಸ್ವಚ್ಛತೆಯೇ ದಾರಿ. ಮಗುವಿಗೆ ಇಡೀ ಗುಳಿಗೆ ನುಂಗಿಸಬಾರದು, ಅಳುವಾಗ ಮೂಗು ಹಿಡಿದು ಸುರಿಯಲೂಬಾರದು. ಉಸಿರುಗಟ್ಟುತ್ತದೆ.

ಎರಡು ವಾರದ ದಿನಚರಿ ಬೆಳಗಿನಿಂದಲೇ ಶುರು. ಎದ್ದ ಕೂಡಲೇ ಇಬ್ಬರಿಗೂ ಕುಂಡಿ ತೊಳೆದು ಚಡ್ಡಿ ಬದಲಿಸಬೇಕು. ರಾತ್ರಿ ಇಟ್ಟ ಮೊಟ್ಟೆ ಹರಡುವ ಮೊದಲೇ ಹೋಗುತ್ತದೆ. ತೊಳೆಸಿದವರು ಸೋಪು ಹಚ್ಚಿ ಇಪ್ಪತ್ತು ಸೆಕೆಂಡು, ಉಗುರಿನ ಸಂದೂ ಸೇರಿಸಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಮೊಟ್ಟೆಯನ್ನು ಸಾಯಿಸುವುದಿಲ್ಲ. ಮಗುವಿಗೆ ಉಣಿಸುವ ಮುಂಚೆ ಎರಡೂ ಕೈಗೆ ಸೋಪು, ಹರಿಯುವ ನೀರು. ಒಂದೇ ಬೋಗುಣಿಯಲ್ಲಿ ಎಲ್ಲರ ಕೈ ಅದ್ದುವುದು ಬೇಡ. ಉಗುರು ಗಿಡ್ಡ ಇರಲಿ. ಮಗು ಬಾಯಿಗಿಡುವ ಆಟಿಕೆಯನ್ನು ದಿನಾ ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು.

ಕೌದಿಯ ವಿಷಯದಲ್ಲೇ ಹೆಚ್ಚು ಜನ ತಪ್ಪುತ್ತಾರೆ. ಮನೆಯೊಳಗೆ ಝಾಡಿಸಿದರೆ ಮೊಟ್ಟೆ ಗಾಳಿಗೆ ಹಾರಿ, ಮಗು ಅಂಬೆಗಾಲಿಡುವ ನೆಲಕ್ಕೇ ಬೀಳುತ್ತದೆ. ಅಲ್ಲಿ ಎರಡು-ಮೂರು ವಾರ ಬದುಕಬಹುದು. ಮಡಚಿ ಹಾಗೆಯೇ ಹೊರಗೊಯ್ದು ಬಿಸಿನೀರಲ್ಲಿ ಒಗೆಯಬೇಕು. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಒಳ್ಳೆಯದು.

"ಹಂಗಾರ ತಿಂಗ್ಳಿಗೊಮ್ಮೆ ಕೊಡೂನೇನ್ರಿ?" ಎಂದು ಅತ್ತೆ ಕೇಳಿದರು. ಬೇಡ. ಎರಡನೇ ಡೋಸ್ ನಂತರ ಎರಡು ವಾರ ಕಳೆದ ಮೇಲೂ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಹುಳು ಕಂಡರೆ ಮಗುವನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದೆವು.